ಬ್ಯಾಂಕಿನಿಂದ ಮನೆಪತ್ರ ತರಲು ಸಹೋದ್ಯೋಗಿಗೆ ಅಧಿಕಾರ ಪತ್ರ: ಮಿತಿ ಹಾಕುವುದು ಹೇಗೆ?

ಪ್ರಶ್ನೆ: ಬೆಂಗಳೂರಿನ ನಮ್ಮ ಫ್ಲ್ಯಾಟಿನ ಗೃಹಸಾಲವನ್ನು ಎರಡು ವಾರದ ಹಿಂದೆ ಪೂರ್ತಿ ತೀರಿಸಿದೆವು. ಸಾಲ ನನ್ನ ಮತ್ತು ನನ್ನ ಗಂಡನ ಹೆಸರಲ್ಲಿತ್ತು. ಈಗ ಇಬ್ಬರೂ ಪುಣೆಯಲ್ಲಿದ್ದೇವೆ, ರಜೆ ಸಿಗುತ್ತಿಲ್ಲ. ಬೆಂಗಳೂರು ಆಫೀಸಿನ ಸಹೋದ್ಯೋಗಿಯೊಬ್ಬರು ಹೋಗಿ ಮೂಲ ಪತ್ರಗಳನ್ನು ತರಲು ಒಪ್ಪಿದ್ದಾರೆ. ಬ್ಯಾಂಕಿನವರು "ಆಥರೈಸೇಶನ್ ಲೆಟರ್ ಕೊಟ್ಟು ಕಳಿಸಿ, ಅವರೇ ಸಹಿ ಹಾಕಲಿ" ಅಂದರು. ಅವರು ನಂಬಿಕಸ್ಥರೇ. ಆದರೂ ನಮ್ಮ ಪರವಾಗಿ ಸಹಿ ಹಾಕಿ ಅಂತ ಬರೆದುಕೊಟ್ಟರೆ ಅದು ಎಲ್ಲಿವರೆಗೆ ಹೋಗುತ್ತದೋ ಎಂಬ ಭಯ. ಏನು ಬರೆಯಬೇಕು, ಏನು ಬರೆಯಬಾರದು?

ಉತ್ತರ: ಬ್ಯಾಂಕಿನ ಸಾಲ ವಿಭಾಗದ ಕೌಂಟರಿನ ಒಳಗೆ ಕೂತು ನಾನು ಇಂಥ ಪತ್ರಗಳನ್ನು ವರ್ಷಗಟ್ಟಲೆ ತೆಗೆದುಕೊಂಡಿದ್ದೇನೆ. ತೊಂದರೆ ಬರುವುದು ಹೆಚ್ಚಾಗಿ ಕೆಟ್ಟ ಮನುಷ್ಯರಿಂದ ಅಲ್ಲ. ಒಳ್ಳೆಯ ಸಹೋದ್ಯೋಗಿ, ಅವಸರದ ಗುಮಾಸ್ತ, ಮೊದಲೇ ಅಚ್ಚಾಗಿರುವ ಒಂದು ರಸೀದಿ, ಈ ಮೂರೂ ಒಂದೇ ಮೇಜಿನ ಮೇಲೆ ಸೇರಿದಾಗ ಬರುತ್ತದೆ. ಹಾಗಾಗಿ ಮೊದಲು ಆ ರಸೀದಿಯಿಂದಲೇ ಶುರು ಮಾಡುತ್ತೇನೆ.

ಪತ್ರಗಳನ್ನು ವಾಪಸು ಕೊಡುವಾಗ ಬ್ಯಾಂಕು ಒಂದು ಸ್ವೀಕೃತಿಗೆ ಸಹಿ ಹಾಕಿಸಿಕೊಳ್ಳುತ್ತದೆ. ನೋಡಲು ಅದು ಒಂದೇ ಕಾಗದ. ಆದರೆ ಓದಿ ನೋಡಿದರೆ ಅದರಲ್ಲಿ ಸಾಮಾನ್ಯವಾಗಿ ಎರಡು ಬೇರೆ ಬೇರೆ ಮಾತುಗಳಿರುತ್ತವೆ. ಮೊದಲನೆಯದು, "ಈ ಕೆಳಗಿನ ಪತ್ರಗಳನ್ನು ಪಡೆದಿದ್ದೇನೆ." ಎರಡನೆಯದು, "ನಾನು ಕೊಟ್ಟಿದ್ದ ಎಲ್ಲ ಮೂಲ ಪತ್ರಗಳೂ ಸುಸ್ಥಿತಿಯಲ್ಲಿ ನನಗೆ ಬಂದಿವೆ, ಇನ್ನು ಬ್ಯಾಂಕಿನ ಮೇಲೆ ನನ್ನ ಯಾವುದೇ ಹಕ್ಕುಬಾಧ್ಯತೆ ಇಲ್ಲ." ಮೊದಲನೆಯದನ್ನು ಹೇಳಲು ಎದುರಿಗಿರುವ ಕಟ್ಟನ್ನು ಎಣಿಸಿದರೆ ಸಾಕು. ಯಾರು ಬೇಕಾದರೂ ಎಣಿಸಬಹುದು. ಎರಡನೆಯದನ್ನು ಹೇಳಬೇಕಾದರೆ ಸಾಲ ತೆಗೆದುಕೊಂಡ ದಿನ ನೀವು ಏನೇನು ಕೊಟ್ಟಿದ್ದಿರಿ ಅನ್ನುವುದು ಗೊತ್ತಿರಬೇಕು. ನಿಮ್ಮ ಸಹೋದ್ಯೋಗಿಗೆ ಅದು ಹೇಗೆ ಗೊತ್ತಾಗಬೇಕು? ಆದರೂ ಅವರು ನಿಮ್ಮ ಪರವಾಗಿ ಸಹಿ ಹಾಕಿದರೆ, ಎರಡು ಮಾತನ್ನೂ ನೀವೇ ಹೇಳಿದ ಹಾಗೆ ಆಗುತ್ತದೆ.

ನನ್ನ ಕಣ್ಣೆದುರೇ ಹೀಗೊಂದು ಆಗಿದೆ. ಊರಿನಲ್ಲಿಲ್ಲದ ಸಾಲಗಾರರೊಬ್ಬರ ಪರವಾಗಿ ಅವರ ಆಫೀಸಿನ ಹುಡುಗ ಬಂದಿದ್ದ. ಲಕೋಟೆ ತೆಗೆದುಕೊಂಡ, ತೋರಿಸಿದ ಕಡೆ ಸಹಿ ಹಾಕಿದ, ಹೋದ. ನಾಲ್ಕು ತಿಂಗಳಾದ ಮೇಲೆ ಮನೆ ಮಾರಲು ಹೊರಟಾಗ ಹಿಂದಿನ ಮಾಲೀಕರ ಕಾಲದ ಮೂಲಪತ್ರ, ಜನ ಮದರ್ ಡೀಡ್ ಅನ್ನುತ್ತಾರಲ್ಲ ಅದು, ಇಲ್ಲ ಅಂತ ಗೊತ್ತಾಯಿತು. ಸಾಲಗಾರರು ಶಾಖೆಗೆ ಬಂದು ಕೇಳಿದರು. ಶಾಖೆಯವರು ಆ ಹುಡುಗನ ಸಹಿ ಇದ್ದ ರಸೀದಿಯನ್ನು ಮುಂದಿಟ್ಟರು. ಅದರಲ್ಲಿ "ಎಲ್ಲವೂ ಬಂದಿವೆ" ಅಂತ ಅಚ್ಚಾಗಿತ್ತು. ಪತ್ರ ಬ್ಯಾಂಕಿನ ಕಡತದಲ್ಲೇ ಕಳೆದಿತ್ತೋ, ದಾರಿಯಲ್ಲಿ ಕಳೆಯಿತೋ, ಯಾರಿಗೂ ಖಚಿತವಾಗಿ ಹೇಳಲು ಆಗಲಿಲ್ಲ. ನಿಜವಾಗಿ ನೊಂದವನು ಆ ಹುಡುಗ. ಉಪಕಾರ ಮಾಡಲು ಹೋಗಿ ತನ್ನ ಮೇಲೇ ಅನುಮಾನ ತಂದುಕೊಂಡ. ಅವತ್ತಿನಿಂದ ನಾನು ಯಾರಿಗೆ ಸಲಹೆ ಕೊಟ್ಟರೂ, ಪತ್ರ ಬರೆಯುವಾಗ ಕಳಿಸುವವರನ್ನು ಮಾತ್ರ ನೆನೆಯಬೇಡಿ, ಹೋಗುವವರನ್ನೂ ನೆನೆಯಿರಿ ಅನ್ನುತ್ತೇನೆ.

ಈಗ ಕಾನೂನಿನ ಮಾತು ಸ್ವಲ್ಪ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ನೀವು ಕಳಿಸುವ ಸಹೋದ್ಯೋಗಿ ನಿಮ್ಮ ಏಜೆಂಟ್. ಅದಕ್ಕೆ ಸಂಬಳ, ಕಮಿಷನ್ ಏನೂ ಕೊಡಬೇಕಿಲ್ಲ, ಸುಮ್ನೆ ಸ್ನೇಹಕ್ಕೆ ಹೋದರೂ ಏಜೆಂಟೇ. ಅದೇ ಕಾಯ್ದೆಯ 188ನೇ ಕಲಮು, ಒಂದು ಕೆಲಸಕ್ಕೆ ಅಧಿಕಾರ ಕೊಟ್ಟರೆ ಆ ಕೆಲಸ ಮಾಡಲು ಅಗತ್ಯವಾದ ಕಾನೂನುಬದ್ಧ ಕೆಲಸಗಳೆಲ್ಲವೂ ಅದರೊಳಗೆ ಸೇರುತ್ತವೆ ಎನ್ನುತ್ತದೆ. ನೀವು "ಪತ್ರ ಪಡೆಯಲು" ಅಂತಷ್ಟೇ ಬರೆದರೂ, ಪಡೆಯಲು ರಸೀದಿಗೆ ಸಹಿ ಬೇಕೇ ಬೇಕು ಅಂದರೆ ಆ ಸಹಿಯೂ ಅದರೊಳಗೇ ಬಂತು ಅಂತ ಬ್ಯಾಂಕು ವಾದಿಸಬಹುದು. ಆದ್ದರಿಂದ ಏನು ಮಾಡಬಹುದು ಅಂತ ಮಾತ್ರ ಬರೆದರೆ ಸಾಲದು, ಏನು ಮಾಡುವ ಹಾಗಿಲ್ಲ ಅಂತಲೂ ಅದೇ ಹಾಳೆಯಲ್ಲಿ ಬರೆಯಬೇಕು.

ಇನ್ನೊಂದು ಕಲಮು ಇದಕ್ಕಿಂತ ಮುಖ್ಯ. 237ನೇ ಕಲಮು. ನಿಮ್ಮ ಏಜೆಂಟಿಗೆ ಇಂಥ ಅಧಿಕಾರವಿದೆ ಎಂದು ಎದುರಿನವರು ನಂಬುವಂತೆ ನೀವೇ ಮಾತಿನಿಂದಲೋ ನಡೆಯಿಂದಲೋ ಮಾಡಿದ್ದರೆ, ಏಜೆಂಟ್ ಮಿತಿ ಮೀರಿ ಮಾಡಿದ್ದಕ್ಕೂ ನೀವು ಬದ್ಧರು. ಹೆಚ್ಚಿನವರು ತಪ್ಪುವುದು ಇಲ್ಲೇ. ಬ್ಯಾಂಕಿಗೆ "ನಮ್ಮ ಪರವಾಗಿ ಇವರು ಬರುತ್ತಾರೆ, ದಯವಿಟ್ಟು ಸಹಕರಿಸಿ" ಅಂತ ನಾಲ್ಕು ಸಾಲು ಬರೆಯುತ್ತಾರೆ. ಸಹೋದ್ಯೋಗಿಗೆ ಮಾತ್ರ ಫೋನಿನಲ್ಲಿ "ನೋಡಿ, ಬೇರೆ ಯಾವುದಕ್ಕೂ ಸಹಿ ಹಾಕಬೇಡಿ" ಅನ್ನುತ್ತಾರೆ. ಆ ಫೋನಿನ ಮಾತು ಬ್ಯಾಂಕಿಗೆ ಹೇಗೆ ಗೊತ್ತಾಗಬೇಕು? ಗೊತ್ತಿಲ್ಲದ ಮಿತಿ ಅವರನ್ನು ಕಟ್ಟುವುದಿಲ್ಲ. ಮಿತಿ ಇರಬೇಕಾದ್ದು ಪತ್ರ ಕೊಡುವವರ ಕಣ್ಣೆದುರು, ಅವರು ಮೊಹರು ಹಾಕಿ ಇಟ್ಟುಕೊಳ್ಳುವ ಹಾಳೆಯಲ್ಲಿ.

ಪತ್ರ ಬರೆಯುವ ಮೊದಲು ಶಾಖೆಗೆ ಒಂದು ಫೋನ್ ಮಾಡಿ ಕೆಲವು ವಿಷಯ ಕೇಳಿಕೊಳ್ಳಿ. ನಿಮ್ಮ ಪತ್ರಗಳು ಈಗ ಎಲ್ಲಿವೆ? ಎಷ್ಟೋ ಬ್ಯಾಂಕುಗಳು ಮನೆಪತ್ರಗಳನ್ನು ಶಾಖೆಯಲ್ಲಿ ಇಡುವುದಿಲ್ಲ, ಬೇರೆ ಕಡೆ ಒಂದೇ ಭಂಡಾರದಲ್ಲಿ ಇಡುತ್ತವೆ. ಅಲ್ಲಿಂದ ಶಾಖೆಗೆ ಬಂದ ಮೇಲೆಯೇ ಸಹೋದ್ಯೋಗಿಯನ್ನು ಕಳಿಸಿ. ಸುಮ್ನೆ ಎರಡು ಸಲ ಅಲೆಸಬೇಡಿ. ಹಾಗೆಯೇ, ರಿಸರ್ವ್ ಬ್ಯಾಂಕು 2023ರ ಸೆಪ್ಟೆಂಬರ್ 13ರಂದು ಹೊರಡಿಸಿದ ಸುತ್ತೋಲೆಯ ನಿಯಮ ನಿಮ್ಮ ಪಾಲಿಗಿದೆ. ಆ ನಿಯಮ ಅದೇ ವರ್ಷದ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರಗಳನ್ನು ವಾಪಸು ಕೊಡಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು. ಸಾಲ ನಡೆಸಿದ ಶಾಖೆಯಲ್ಲಿ ಪಡೆಯಬಹುದು, ಅಥವಾ ಪತ್ರಗಳು ಲಭ್ಯವಿರುವ ಅದೇ ಬ್ಯಾಂಕಿನ ಬೇರೆ ಕಚೇರಿಯಲ್ಲೂ ಪಡೆಯಬಹುದು, ಆಯ್ಕೆ ಸಾಲಗಾರರದ್ದು. ನಿಮ್ಮ ಪತ್ರಗಳು ಭಂಡಾರದಿಂದಲೇ ಬರಬೇಕಿದ್ದರೆ ಪುಣೆಯ ಕಚೇರಿಗೇ ತರಿಸಲು ಸಾಧ್ಯವೇ ಅಂತ ಒಮ್ಮೆ ಕೇಳಿ. ಹೌದು ಅಂದರೆ ಸಹೋದ್ಯೋಗಿಗೆ ಈ ಹೊರೆಯೇ ಬೇಡ. ನೀವೇ ಹೋಗಿ ತೆಗೆದುಕೊಳ್ಳುವುದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಆಗಲ್ಲ ಅಂದರೆ, ಅಧಿಕಾರ ಪತ್ರಕ್ಕೆ ತಮ್ಮದೇ ನಮೂನೆ ಇದೆಯೇ, ಬಿಳಿ ಹಾಳೆ ಸಾಕೇ, ಛಾಪಾ ಕಾಗದ ಅಥವಾ ನೋಟರಿ ಬೇಕೇ ಅಂತ ಕೇಳಿ. ಇದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಮನೆಪತ್ರದ ವಿಷಯದಲ್ಲಿ ಕೆಲವರು ಮೂರನೆಯವರ ಕೈಗೆ ಕೊಡಲು ಒಪ್ಪುವುದೇ ಇಲ್ಲ. ಅದು ನಿಮ್ಮ ಹಿತಕ್ಕೇ, ಬೇಸರ ಬೇಡ. ಉತ್ತರವನ್ನು ಇಮೇಲಿನಲ್ಲೇ ತರಿಸಿಕೊಳ್ಳಿ. ಕೌಂಟರಿನಲ್ಲಿ ಬೇರೆ ಸಿಬ್ಬಂದಿ ಇದ್ದು "ಇದು ನಡೆಯಲ್ಲ" ಅಂದಾಗ ಸಹೋದ್ಯೋಗಿಯ ಕೈಯಲ್ಲಿ ತೋರಿಸಲು ಏನಾದರೂ ಇರಬೇಕು ಅಲ್ವಾ?

ಬ್ಯಾಂಕಿನ ನಮೂನೆಯನ್ನೇ ತುಂಬಬೇಕಾದರೆ ಅದನ್ನು ಕೊನೆಯವರೆಗೆ ಓದಿ. ಇಂಥ ನಮೂನೆಗಳಲ್ಲಿ "ಆಲ್ ಆಕ್ಟ್ಸ್, ಡೀಡ್ಸ್ ಅಂಡ್ ಥಿಂಗ್ಸ್" ಎಂಬ ಒಂದು ಸಾಲು ಆಗಾಗ ನುಸುಳಿರುತ್ತದೆ. ಇದಕ್ಕೆ ಸಂಬಂಧಪಟ್ಟ ಎಲ್ಲ ಕೆಲಸಗಳನ್ನೂ ನನ್ನ ಪರವಾಗಿ ಇವರು ಮಾಡಬಹುದು ಎಂಬ ಅರ್ಥ. ನಿಮ್ಮ ಭಯ ಇರುವುದು ಈ ಸಾಲಿನಲ್ಲೇ. ಅದನ್ನು ಒಂದೇ ಗೆರೆಯಿಂದ ಹೊಡೆದು, ಪಕ್ಕದಲ್ಲಿ ನೀವಿಬ್ಬರೂ ಚಿಕ್ಕ ಸಹಿ ಹಾಕಿ. "ಲಗತ್ತಿಸಿದ ಪತ್ರದ ಮಿತಿಗಳಿಗೆ ಒಳಪಟ್ಟು" ಎಂದು ಬರೆದು ನಿಮ್ಮ ಪತ್ರವನ್ನು ಜೊತೆಗಿಡಿ.

ನಿಮ್ಮ ಪತ್ರ ಹೀಗಿರಲಿ:

ದಿನಾಂಕ: ............
ಶಾಖಾ ವ್ಯವಸ್ಥಾಪಕರಿಗೆ, ............ ಬ್ಯಾಂಕ್, ............ ಶಾಖೆ, ಬೆಂಗಳೂರು

ವಿಷಯ: ಗೃಹಸಾಲ ಖಾತೆ ಸಂಖ್ಯೆ ............ಕ್ಕೆ ಸಂಬಂಧಿಸಿದ ಮೂಲ ಪತ್ರಗಳನ್ನು ಪಡೆಯಲು ಸೀಮಿತ ಅಧಿಕಾರ

ಮಾನ್ಯರೇ,

ಮೇಲಿನ ಸಾಲದ ಸಾಲಗಾರರಾದ ನಾವು, ............ ಮತ್ತು ............, ಸಾಲವನ್ನು ............ರಂದು ಪೂರ್ತಿ ತೀರಿಸಿದ್ದೇವೆ. ನಾವು ಖುದ್ದಾಗಿ ಬರಲು ಆಗದ ಕಾರಣ, ಶ್ರೀ/ಶ್ರೀಮತಿ ............ (ಗುರುತಿನ ಚೀಟಿ: ............, ಕೊನೆಯ ನಾಲ್ಕು ಅಂಕಿ ............) ಅವರಿಗೆ ಈ ಕೆಳಗಿನ ಎರಡು ಕೆಲಸಗಳಿಗೆ ಮಾತ್ರ ಅಧಿಕಾರ ಕೊಟ್ಟಿದ್ದೇವೆ.

ಒಂದು, ಲಗತ್ತಿಸಿದ ಪಟ್ಟಿಯಲ್ಲಿರುವ ............ ಪತ್ರಗಳನ್ನು ನಿಮ್ಮ ಶಾಖೆಯಿಂದ ಪಡೆಯುವುದು. ಎರಡು, ಆ ದಿನ ನಿಜವಾಗಿ ಕೈಗೆ ಬಂದ ಪತ್ರಗಳಿಗೆ, ಅವುಗಳ ಸಂಖ್ಯೆ ಮತ್ತು ಹಾಳೆಗಳನ್ನು ನಮೂದಿಸಿ, ಸ್ವೀಕೃತಿಗೆ ತಮ್ಮ ಹೆಸರಿನಲ್ಲಿ ನಮ್ಮ ಪರವಾಗಿ ಸಹಿ ಹಾಕುವುದು.

ಇವರ ಸಹಿ ಪತ್ರಗಳು ಕೈಗೆ ಬಂದದ್ದಕ್ಕೆ ಮಾತ್ರ ಸಾಕ್ಷಿ. ಎಲ್ಲ ಪತ್ರಗಳೂ ಬಂದಿವೆ, ಬ್ಯಾಂಕಿನ ಮೇಲೆ ಹಕ್ಕುಬಾಧ್ಯತೆ ಇಲ್ಲ ಎಂಬ ಹೇಳಿಕೆಗೆ, ಪರಿಹಾರ ಬಿಟ್ಟುಕೊಡುವ ಯಾವುದೇ ಒಪ್ಪಿಗೆಗೆ, ಹಣ ಅಥವಾ ಪಟ್ಟಿಯಲ್ಲಿಲ್ಲದ ಚೆಕ್ಕಿನ ರಸೀದಿಗೆ, ಹೊಸ ಸಾಲ, ಖಾತೆ ಅಥವಾ ವಿಳಾಸ ಹಾಗೂ ಮೊಬೈಲ್ ಸಂಖ್ಯೆ ಬದಲಾವಣೆಯ ಅರ್ಜಿಗೆ ಸಹಿ ಹಾಕಲು ಇವರಿಗೆ ಅಧಿಕಾರವಿಲ್ಲ. ಈ ಅಧಿಕಾರವನ್ನು ಇವರು ಬೇರೆಯವರಿಗೆ ವಹಿಸುವ ಹಾಗಿಲ್ಲ.

ಈ ಪತ್ರ ............ರಿಂದ ............ರವರೆಗೆ, ಒಂದು ಸಲಕ್ಕೆ ಮಾತ್ರ ಚಾಲ್ತಿಯಲ್ಲಿರುತ್ತದೆ. ಪತ್ರಗಳನ್ನು ಕೊಡುವ ಮೊದಲು ನಿಮ್ಮ ದಾಖಲೆಯಲ್ಲಿರುವ ನಮ್ಮ ಮೊಬೈಲಿಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಲು ಕೋರುತ್ತೇವೆ.

ಅಧಿಕಾರ ಪಡೆದವರ ಮಾದರಿ ಸಹಿ: ............
ಮೇಲಿನ ಸಹಿಯನ್ನು ದೃಢೀಕರಿಸಿದ್ದೇವೆ.
ಸಾಲಗಾರರ ಸಹಿ: 1. ............ 2. ............

ಇದರಲ್ಲಿ ಕೆಲವು ಮಾತುಗಳು ಯಾಕೆ ಇವೆ ಅಂತ ಹೇಳಬೇಕು. ಸಾಲ ಇಬ್ಬರ ಹೆಸರಲ್ಲಿದೆ, ಹಾಗಾಗಿ ಸಹಿಯೂ ಇಬ್ಬರದ್ದು. ಒಬ್ಬರದೇ ಸಹಿ ಇರುವ ಪತ್ರವನ್ನು ಕೌಂಟರಿನಲ್ಲಿ ವಾಪಸು ಕಳಿಸುವುದು ತೀರಾ ಸಾಮಾನ್ಯ. ನಿಮ್ಮ ಸಹಿ ಸಾಲದ ಅರ್ಜಿಯಲ್ಲಿದ್ದ ಸಹಿಯ ಹಾಗೇ ಇರಬೇಕು. ಹತ್ತು ವರ್ಷದ ಹಿಂದೆ ಕನ್ನಡದಲ್ಲಿ ಪೂರ್ತಿ ಹೆಸರು ಬರೆದು ಸಹಿ ಮಾಡುತ್ತಿದ್ದು ಈಗ ಗೀಚುಸಹಿ ಮಾಡುತ್ತಿದ್ದರೆ, ಹಳೆಯದನ್ನೇ ಹಾಕಿ. ಸಹೋದ್ಯೋಗಿಯ ಹೆಸರನ್ನು ಅವರು ತೋರಿಸಲಿರುವ ಗುರುತಿನ ಚೀಟಿಯಲ್ಲಿ ಇದ್ದ ಹಾಗೇ ಬರೆಯಿರಿ. ಆಫೀಸಿನಲ್ಲಿ ನಾವು ಇನಿಶಿಯಲ್ ಹಿಡಿದು ಕರೆಯುತ್ತೇವೆ, ಆಧಾರಿನಲ್ಲಿ ತಂದೆಯ ಹೆಸರೋ ಊರಿನ ಹೆಸರೋ ಪೂರ್ತಿ ಬಿಡಿಸಿರುತ್ತದೆ. ಈ ಒಂದು ವ್ಯತ್ಯಾಸಕ್ಕೇ ಇಡೀ ದಿನ ಹಾಳಾದದ್ದನ್ನು ನೋಡಿದ್ದೇನೆ. ಆಧಾರ್ ಪ್ರತಿ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಸಾಕೇ ಅಂತ ಮೊದಲೇ ಕೇಳಿ. ಯಾವ ಗುರುತಿನ ಚೀಟಿಯ ಪ್ರತಿಯೇ ಆಗಲಿ, ಅದರ ಮೇಲೆ "ಇಂಥ ಸಾಲ ಖಾತೆಯ ಪತ್ರ ಪಡೆಯಲು ಮಾತ್ರ" ಅಂತ ಅಡ್ಡಲಾಗಿ ಬರೆದು, ದಿನಾಂಕ ಹಾಕಿ ಸಹಿ ಮಾಡಲಿ. ಆ ಪ್ರತಿ ಬೇರೆ ಕೆಲಸಕ್ಕೆ ಬರಬಾರದು.

ಅವಧಿಯನ್ನು ಚಿಕ್ಕದಾಗಿಡಿ. ಪತ್ರಗಳು ಶಾಖೆಗೆ ಬಂದಿವೆ ಅಂತ ತಿಳಿದ ಮೇಲೆ ಒಂದು ವಾರ ಸಾಕು. ಮಧ್ಯೆ ಮನಸ್ಸು ಬದಲಾದರೆ ಸಹೋದ್ಯೋಗಿಗೆ ಹೇಳಿದರಷ್ಟೇ ಸಾಲದು, ಬ್ಯಾಂಕಿಗೂ ಬರೆದು ತಿಳಿಸಬೇಕು. ಬ್ಯಾಂಕಿಗೆ ಗೊತ್ತಾಗುವವರೆಗೆ ಅವರ ಮಟ್ಟಿಗೆ ಆ ಅಧಿಕಾರ ಜೀವಂತವಾಗಿಯೇ ಇರುತ್ತದೆ. 208ನೇ ಕಲಮು ಹೇಳುವುದು ಇದನ್ನೇ.

ಪತ್ರದಷ್ಟೇ ತೂಕ ಅದರ ಜೊತೆಗಿರುವ ಪಟ್ಟಿಗಿದೆ. ನನ್ನ ಅನುಭವದಲ್ಲಿ ಪಟ್ಟಿ ಗಟ್ಟಿ ಇದ್ದರೆ ಪತ್ರ ಸ್ವಲ್ಪ ಸಡಿಲ ಇದ್ದರೂ ನಡೆಯುತ್ತದೆ. ಪಟ್ಟಿ ಸಡಿಲ ಇದ್ದರೆ ಎಂಥ ಗಟ್ಟಿ ಪತ್ರವೂ ಕಾಪಾಡುವುದಿಲ್ಲ. ಸಾಲ ತೆಗೆದುಕೊಂಡ ದಿನ ಬ್ಯಾಂಕು ನಿಮ್ಮಿಂದ ಪಡೆದ ಪತ್ರಗಳ ಪಟ್ಟಿಯೊಂದನ್ನು ಕೊಟ್ಟಿರುತ್ತದೆ. ಅದನ್ನು ಹುಡುಕಿ. ಇಲ್ಲದಿದ್ದರೆ ತಮ್ಮ ಬಳಿ ಇರುವ ಪಟ್ಟಿಯ ಪ್ರತಿ ಕಳಿಸಲು ಬ್ಯಾಂಕಿಗೆ ಇಮೇಲ್ ಮಾಡಿ. ನಿಮ್ಮ ಪಟ್ಟಿಯಲ್ಲಿ "ಕ್ರಯಪತ್ರ" ಅಂತ ಬರೆದು ಬಿಡಬೇಡಿ. ಯಾವ ಸಬ್‌ರಿಜಿಸ್ಟ್ರಾರ್ ಕಚೇರಿ, ನೋಂದಣಿ ಸಂಖ್ಯೆ ಎಷ್ಟು, ಯಾವ ದಿನಾಂಕ, ಎಷ್ಟು ಹಾಳೆ, ಮೂಲವೋ ನಕಲೋ, ಇಷ್ಟನ್ನೂ ಬರೆಯಿರಿ. ಮೂಲ ಅನ್ನುವ ಪದವನ್ನು ಮರೆಯಲೇಬಾರದು. ಕಟ್ಟಿನಲ್ಲಿ ದೃಢೀಕೃತ ನಕಲನ್ನು ಇಟ್ಟು, ಮೂಲ ಎಲ್ಲೋ ಉಳಿದುಹೋಗಿ, ಎಣಿಕೆ ಮಾತ್ರ ಸರಿ ಬರುವುದುಂಟು. ಮೂಲ ಕ್ರಯಪತ್ರದಲ್ಲಿ ಶಾಯಿಯ ಸಹಿಗಳೂ ನೋಂದಣಿ ಕಚೇರಿಯ ಮೊಹರೂ ನೇರವಾಗಿ ಬಿದ್ದಿರುತ್ತವೆ. ಜೆರಾಕ್ಸಿನಲ್ಲಿ ಅವು ಅಚ್ಚಿನ ಹಾಗೆ ಚಪ್ಪಟೆಯಾಗಿ ಕಾಣುತ್ತವೆ. ಬೆಳಕಿಗೆ ಓರೆಯಾಗಿ ಹಿಡಿದರೆ ಗೊತ್ತಾಗುತ್ತದೆ. ನಿಮ್ಮ ಹತ್ತಿರ ಹಳೆಯ ಜೆರಾಕ್ಸ್ ಇದ್ದರೆ ಮೊದಲ ಮತ್ತು ಕೊನೆಯ ಹಾಳೆಯ ಫೋಟೋವನ್ನು ಸಹೋದ್ಯೋಗಿಗೆ ಕಳಿಸಿಕೊಡಿ, ಹೋಲಿಸಿ ನೋಡಲು ಸುಲಭ.

ಆ ದಿನ ಏನಾಗಬಹುದು ಅಂತ ಒಂದು ಸಲ ಮನಸ್ಸಿನಲ್ಲೇ ನಡೆಸಿ ನೋಡೋಣ. ಪಟ್ಟಿಯಲ್ಲಿ 11 ಪತ್ರಗಳಿವೆ ಅಂದುಕೊಳ್ಳಿ. ಕ್ರಯಪತ್ರ, ಮೂಲಪತ್ರ, ಖಾತಾ ಪ್ರಮಾಣಪತ್ರ, ತೆರಿಗೆ ರಸೀದಿಗಳು, ಮಂಜೂರಾದ ನಕ್ಷೆ, ಹೀಗೆ. ಸಹೋದ್ಯೋಗಿ ಬೆಳಿಗ್ಗೆ ಹೋಗುತ್ತಾರೆ. ಅಧಿಕಾರ ಪತ್ರದ ಎರಡು ಪ್ರತಿ ಅವರ ಕೈಯಲ್ಲಿವೆ. ಒಂದನ್ನು ಶಾಖೆಗೆ ಕೊಟ್ಟು, ಇನ್ನೊಂದರ ಮೇಲೆ ದಿನಾಂಕ ಸಮೇತ ಮೊಹರು ಹಾಕಿಸಿಕೊಳ್ಳುತ್ತಾರೆ. ಇದು ಮೊದಲು ಆಗಬೇಕು, ಲಕೋಟೆ ತೆರೆಯುವುದಕ್ಕೂ ಮೊದಲು. ಮಿತಿಗಳು ಬ್ಯಾಂಕಿಗೆ ಗೊತ್ತಿದ್ದವು ಅನ್ನುವುದಕ್ಕೆ ಆ ಮೊಹರೇ ಸಾಕ್ಷಿ.

ಲಕೋಟೆ ತೆರೆದು ಒಂದೊಂದಾಗಿ ಪಟ್ಟಿಗೆ ಹೋಲಿಸಿದಾಗ 9 ಪತ್ರಗಳಿವೆ. 4ನೆಯದು ಖಾತಾ ಪ್ರಮಾಣಪತ್ರ, 8ನೆಯದು ನಕ್ಷೆ, ಇವೆರಡು ಇಲ್ಲ. ಗುಮಾಸ್ತರು ರಸೀದಿ ಮುಂದಿಟ್ಟು, "ಅವೆರಡು ಆಮೇಲೆ ಬರುತ್ತವೆ, ನೀವು ಸಹಿ ಹಾಕಿ" ಅನ್ನುತ್ತಾರೆ. ಇಲ್ಲಿ ಸಹೋದ್ಯೋಗಿ ಮಾಡಬೇಕಾದ್ದು ಇಷ್ಟು. "ಎಲ್ಲ ಪತ್ರಗಳೂ ಬಂದಿವೆ" ಮತ್ತು "ಹಕ್ಕುಬಾಧ್ಯತೆ ಇಲ್ಲ" ಎಂಬ ಸಾಲುಗಳನ್ನು ಹೊಡೆದು, ಕೈಯಲ್ಲಿ ಹೀಗೆ ಬರೆಯಬೇಕು: "ಪಟ್ಟಿಯ 1, 2, 3, 5, 6, 7, 9, 10, 11ನೇ ಪತ್ರಗಳನ್ನು ಮಾತ್ರ ಪಡೆದಿದ್ದೇನೆ. 4 ಮತ್ತು 8 ಬಂದಿಲ್ಲ. ಸಾಲಗಾರರ ಪರಿಶೀಲನೆಗೆ ಒಳಪಟ್ಟಿದೆ." ದಿನಾಂಕ, ಸಮಯ. ಅದರ ಕೆಳಗೆ ಸಹಿ. ಬ್ಯಾಂಕಿನವರೂ ಪಕ್ಕದಲ್ಲಿ ಸಹಿ ಹಾಕಿದರೆ ತುಂಬಾ ಒಳ್ಳೆಯದು. ಆಮೇಲೆ ಫೋಟೋ ತೆಗೆದು ನಿಮಗೆ ಕಳಿಸಬೇಕು, ಕೌಂಟರ್ ಬಿಟ್ಟು ಏಳುವ ಮೊದಲೇ.

ರಸೀದಿಯಲ್ಲಿ ಗೀಚುವ ಹಾಗಿಲ್ಲ ಅಂತ ಬ್ಯಾಂಕಿನವರು ಹಟ ಹಿಡಿದರೆ? ಆಗ ಸಹಿ ಹಾಕದೆ, ಲಕೋಟೆಯನ್ನು ಅಲ್ಲೇ ಬಿಟ್ಟು ಬರಲಿ. ಇದು ನನ್ನ ಖಚಿತ ಅಭಿಪ್ರಾಯ. ಸಹೋದ್ಯೋಗಿಯ ಅರ್ಧ ದಿನ ಹೋಯಿತು ಅಂತ ನಿಮಗೆ ಮುಜುಗರ ಆಗಬಹುದು, ಆದರೆ ಆ ಒಂದು ಸಹಿಗೆ ಬೆಲೆ ಜಾಸ್ತಿ. ಪತ್ರಗಳು ಕಳೆದಿದ್ದರೆ ಅಥವಾ ಹಾಳಾಗಿದ್ದರೆ, ನಕಲು ಅಥವಾ ದೃಢೀಕೃತ ಪ್ರತಿ ತೆಗೆಸಿಕೊಳ್ಳಲು ಬ್ಯಾಂಕು ಸಹಾಯ ಮಾಡಬೇಕು, ಖರ್ಚನ್ನೂ ಅದೇ ಹೊರಬೇಕು ಅಂತ ರಿಸರ್ವ್ ಬ್ಯಾಂಕಿನ ಅದೇ ನಿಯಮ ಹೇಳುತ್ತದೆ. ಆ ಕೆಲಸಕ್ಕೆ ಬ್ಯಾಂಕಿಗೆ ಹೆಚ್ಚುವರಿಯಾಗಿ 30 ದಿನ ಸಿಗುತ್ತದೆ, ಅಂದರೆ ಒಟ್ಟು 60 ದಿನ ಕಳೆದ ಮೇಲೆ ದಿನದ ಪರಿಹಾರ ಶುರು. ಇಷ್ಟೆಲ್ಲ ನಿಮ್ಮ ಕೈಯಲ್ಲಿರುವಾಗ "ಎಲ್ಲವೂ ಬಂದಿವೆ" ಎಂಬ ಸಹಿ ಕೊಟ್ಟರೆ, ಪತ್ರ ಕಳೆದಿದೆ ಅಂತ ಕೇಳುವ ಬಾಯನ್ನು ನಾವೇ ಮುಚ್ಚಿಕೊಂಡ ಹಾಗೆ. ಮುಖ್ಯವಾದ ಕ್ರಯಪತ್ರವೇ ಇಲ್ಲದಿದ್ದರೆ, ರಸೀದಿ ತಿದ್ದಲು ಒಪ್ಪಿದರೂ ಉಳಿದದ್ದನ್ನು ತೆಗೆದುಕೊಳ್ಳುವುದು ಬೇಡ. ನಿಮಗೆ ಫೋನ್ ಮಾಡಿ ವಾಪಸು ಬರಲಿ.

ಸಹಿ ಹಾಕುವ ರೀತಿಯೂ ಮುಖ್ಯ. "ಅವರ ಹೆಸರಲ್ಲೇ ಒಂದು ಸಹಿ ಹಾಕಿಬಿಡಿ, ಪರವಾಗಿಲ್ಲ" ಅಂತ ಸಲಹೆ ಕೊಡುವವರು ಕೌಂಟರಿನ ಎರಡೂ ಕಡೆ ಇರುತ್ತಾರೆ. ಅದನ್ನು ಮಾಡಲೇಬಾರದು. ಬೇರೆಯವರ ಸಹಿಯನ್ನು ತಾನು ಹಾಕಿದರೆ ಅದು ಸುಳ್ಳು ಸಹಿ, ನಿಮ್ಮ ಒಪ್ಪಿಗೆಯ ಪತ್ರ ಜೊತೆಗಿದ್ದರೂ ಸಹೋದ್ಯೋಗಿ ಅನಗತ್ಯವಾಗಿ ಸಿಕ್ಕಿಹಾಕಿಕೊಳ್ಳುತ್ತಾರೆ. ಅವರು ತಮ್ಮದೇ ಸಹಿ ಹಾಕಿ, ಕೆಳಗೆ ತಮ್ಮ ಹೆಸರು ಬರೆದು, "ಇಂಥವರ ಪರವಾಗಿ, ಇಂಥ ದಿನಾಂಕದ ಅಧಿಕಾರ ಪತ್ರದ ಪ್ರಕಾರ" ಅಂತ ಸೇರಿಸಲಿ. ಆ ಕೊನೆಯ ಮಾತು ರಸೀದಿಯನ್ನು ನಿಮ್ಮ ಮಿತಿಗಳಿಗೆ ಕಟ್ಟಿಹಾಕುತ್ತದೆ.

ಯಾವುದಾದರೂ ಕಾಗದಕ್ಕೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ ಸಹಿ ಮಾಡಿ ಅಂದರೆ ಅಲ್ಲಿ ನಿಲ್ಲಬೇಕು. 5,000 ರೂಪಾಯಿ ಮೀರಿದ ಹಣದ ರಸೀದಿಗೆ ಆ ಸ್ಟಾಂಪ್ ಬೇಕು. ಮನೆಪತ್ರ ಕೈಗೆ ಬಂದದ್ದನ್ನಷ್ಟೇ ಹೇಳುವ ಸ್ವೀಕೃತಿಗೆ ಅದರ ಅಗತ್ಯ ಬರುವುದಿಲ್ಲ. ಸ್ಟಾಂಪ್ ಕೇಳಿದರು ಅಂದರೆ ಅದು ಹಣಕ್ಕೆ ಸಂಬಂಧಿಸಿದ ಕಾಗದ ಇರಬಹುದು, ಹೆಚ್ಚುವರಿ ಕಟ್ಟಿದ್ದ ಕಂತು ವಾಪಸು ಬಂದದ್ದೋ, ಪರಿಹಾರದ ಇತ್ಯರ್ಥವೋ. ನಿಮ್ಮ ಸಹೋದ್ಯೋಗಿಗೆ ಅದಕ್ಕೆ ಅಧಿಕಾರವಿಲ್ಲ. ಹಣವನ್ನು ಬ್ಯಾಂಕು ನಿಮ್ಮ ಖಾತೆಗೆ ಹಾಕಲಿ.

ಲಕೋಟೆಯೊಳಗೆ ಇನ್ನೊಂದು ವಸ್ತು ಇರಬಹುದು, ಅದನ್ನು ಜನ ಮರೆತೇ ಬಿಟ್ಟಿರುತ್ತಾರೆ. ಸಾಲ ಪಡೆಯುವಾಗ ಭದ್ರತೆಗೆ ಅಂತ ಕೊಟ್ಟಿದ್ದ, ಸಹಿ ಮಾಡಿದ ಖಾಲಿ ಚೆಕ್ಕುಗಳು. ಸಹಿ ಇರುವ ಖಾಲಿ ಚೆಕ್ಕು ಇನ್ನೊಬ್ಬರ ಚೀಲದಲ್ಲಿ ಊರೂರು ತಿರುಗುವುದು ಒಳ್ಳೆಯದಲ್ಲ. ಅವುಗಳ ಸಂಖ್ಯೆ ನಿಮ್ಮ ಬಳಿ ಇದ್ದರೆ, ಅವನ್ನು ಶಾಖೆಯಲ್ಲೇ ರದ್ದು ಅಂತ ಗೀಟು ಎಳೆದು ಕೊಡಬೇಕು ಎಂದು ಮೊದಲೇ ಇಮೇಲಿನಲ್ಲಿ ಕೇಳಿಕೊಳ್ಳಿ. ಸಹೋದ್ಯೋಗಿಯ ಪಟ್ಟಿಯಲ್ಲೂ "ರದ್ದು ಮಾಡಿದ ಚೆಕ್ಕುಗಳು, ಸಂಖ್ಯೆ ಇಷ್ಟರಿಂದ ಇಷ್ಟು" ಅಂತಲೇ ಬರೆಯಿರಿ. ಹಾಗೆಯೇ ಆ ದಿನ ನಿಮ್ಮ ಫೋನಿಗೆ ಒಟಿಪಿ ಬಂದರೆ, ಸಹೋದ್ಯೋಗಿಗೆ ಓದಿ ಹೇಳಬೇಡಿ. ಮೆಸೇಜಿನಲ್ಲಿ ಯಾವ ಕೆಲಸಕ್ಕೆ ಅಂತ ಬರೆದಿರುತ್ತದೆ, ಅದನ್ನು ಮೊದಲು ಓದಿ. ಸಾಲದ ಪತ್ರ ಕೊಡುವುದಕ್ಕೆ ಸಂಬಂಧವಿಲ್ಲದ್ದಾದರೆ ಶಾಖೆಯವರ ಜೊತೆ ನೀವೇ ಮಾತಾಡಿ.

ಈ ಪತ್ರದಿಂದ ಆಗದ ಒಂದು ಕೆಲಸವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಬ್ಯಾಂಕಿನಿಂದ ಹೊರಬಿದ್ದ ತಕ್ಷಣ ಸಹೋದ್ಯೋಗಿಗೆ "ಹೇಗೂ ಹೋಗಿದ್ದೀರಿ, ಅದನ್ನೂ ಮುಗಿಸಿಬಿಡಿ" ಅನ್ನುವ ಆಸೆ ಬರುತ್ತದೆ. ಸಾಲಕ್ಕಾಗಿ ಮನೆಪತ್ರ ಒತ್ತೆಯಿಟ್ಟದ್ದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದಾಖಲಾಗಿದ್ದರೆ, ಅದು ನಿಮ್ಮ ಇಸಿಯಲ್ಲಿ, ಅಂದರೆ ಋಣಭಾರ ಪತ್ರದಲ್ಲಿ, ಕಾಣುತ್ತಿರುತ್ತದೆ. ಅದನ್ನು ಬಿಡಿಸುವ ಪತ್ರವೂ ನೋಂದಣಿ ಆಗಬೇಕು. ಅಲ್ಲಿ ನಿಮ್ಮ ಕಡೆಯಿಂದ ಪತ್ರ ಹಾಜರುಪಡಿಸಲು ಬಿಳಿ ಹಾಳೆಯ ಅಧಿಕಾರ ಪತ್ರ ನಡೆಯುವುದಿಲ್ಲ. 1908ರ ನೋಂದಣಿ ಕಾಯ್ದೆಯ 32 ಮತ್ತು 33ನೇ ಕಲಮಿನ ಪ್ರಕಾರ, ಏಜೆಂಟ್ ಹಾಜರುಪಡಿಸುವುದಾದರೆ ದೃಢೀಕರಿಸಿದ ಮುಖ್ತ್ಯಾರ್‌ನಾಮೆ, ಅಂದರೆ ಪವರ್ ಆಫ್ ಅಟಾರ್ನಿ, ಬೇಕು. ನೀವು ಪುಣೆಯಲ್ಲಿ ವಾಸವಿರುವುದರಿಂದ, ಅದನ್ನು ನಿಮ್ಮ ವಾಸದ ವ್ಯಾಪ್ತಿಯ ನೋಂದಣಿ ಅಧಿಕಾರಿಯ ಎದುರೇ ಸಹಿ ಮಾಡಿ ದೃಢೀಕರಿಸಿಕೊಳ್ಳಬೇಕು. ಸ್ಪೆಷಲ್ ಪವರ್ ಆಫ್ ಅಟಾರ್ನಿ ಅಂತ ಕೇಳಿ, ಈ ಒಂದೇ ಕೆಲಸಕ್ಕೆ ಸೀಮಿತವಾಗಿ ಬರೆಸಿ. ಎಲ್ಲ ಕೆಲಸಕ್ಕೂ ಅಧಿಕಾರ ಕೊಡುವ ಜಿಪಿಎ ಬೇಡ. ಇದನ್ನು ಸಹೋದ್ಯೋಗಿಗಿಂತ ಮನೆಯವರ ಹೆಸರಿಗೆ ಮಾಡಿಸುವುದು, ಅಥವಾ ನೀವು ಬೆಂಗಳೂರಿಗೆ ಬಂದಾಗ ನೀವೇ ಮುಗಿಸುವುದು ನನಗೆ ಸರಿ ಅನಿಸುತ್ತದೆ. ಅಷ್ಟರವರೆಗೆ ಬ್ಯಾಂಕಿನ ಬಾಕಿ ಇಲ್ಲದ ಪತ್ರ ನಿಮ್ಮ ಕೈಯಲ್ಲಿರಲಿ. ಅದನ್ನೂ ಪಟ್ಟಿಗೆ ಸೇರಿಸಲು ಮರೆಯಬೇಡಿ.

ಪತ್ರಗಳು ಸಹೋದ್ಯೋಗಿಯ ಕೈಗೆ ಬಂದ ಮೇಲೆ ಕೊರಿಯರ್ ಮಾಡಿಸಲು ಹೋಗಬೇಡಿ. ಮೂಲ ಕ್ರಯಪತ್ರ ಕಳೆದರೆ ಪೊಲೀಸ್ ದೂರು, ಪತ್ರಿಕಾ ಪ್ರಕಟಣೆ, ದೃಢೀಕೃತ ನಕಲು ಅಂತ ಅಲೆದಾಟ, ಮಾರುವಾಗ ಕೊಳ್ಳುವವರ ಅನುಮಾನ ಬೇರೆ. ಬೆಂಗಳೂರಿನಲ್ಲಿ ಅಪ್ಪ ಅಮ್ಮನೋ ಅಕ್ಕ ತಮ್ಮನೋ ಇದ್ದರೆ ಅದೇ ದಿನ ಅವರಿಗೆ ಮುಟ್ಟಿಸಲಿ. ಯಾರೂ ಇಲ್ಲದಿದ್ದರೆ, ಲಕೋಟೆಗೆ ಅರಗು ಅಥವಾ ಟೇಪ್ ಹಾಕಿ, ಅಂಟಿನ ಮೇಲೆ ಸಹೋದ್ಯೋಗಿ ಸಹಿ ಮಾಡಿ, ನೀವು ಬರುವವರೆಗೆ ಮನೆಯ ಬೀರುವಿನಲ್ಲಿ ಇಟ್ಟುಕೊಳ್ಳಲಿ. ಆಫೀಸಿನ ಮೇಜಿನ ಡ್ರಾಯರ್ ಬೇಡ.

ನಿಮಗೆ ಲಕೋಟೆ ಕೊಡುವ ದಿನ, ಸಹೋದ್ಯೋಗಿ ಕೇಳದಿದ್ದರೂ, ನೀವಿಬ್ಬರೂ ಕೂತು ಅದೇ ಪಟ್ಟಿಯನ್ನು ಮತ್ತೆ ಎಣಿಸಿ. "ಬ್ಯಾಂಕಿನಿಂದ ನಮ್ಮ ಪರವಾಗಿ ಪಡೆದ 9 ಪತ್ರಗಳನ್ನು ಇವರು ನಮಗೆ ಒಪ್ಪಿಸಿದ್ದಾರೆ, ಇವರ ಕೆಲಸ ಇಲ್ಲಿಗೆ ಮುಗಿಯಿತು" ಅಂತ ಬರೆದು, ದಿನಾಂಕ ಹಾಕಿ, ನೀವು ಮತ್ತು ನಿಮ್ಮ ಗಂಡ ಇಬ್ಬರೂ ಸಹಿ ಮಾಡಿ ಅವರ ಕೈಗೆ ಕೊಡಿ. ನೀವು ಬರೆದುಕೊಟ್ಟ ಅಧಿಕಾರ ಪತ್ರದ ಮೊಹರು ಬಿದ್ದ ಪ್ರತಿಯನ್ನೂ ಅವರಿಂದ ವಾಪಸು ಪಡೆದು, ಮನೆಪತ್ರಗಳ ಕಟ್ಟಿನಲ್ಲೇ ಇಟ್ಟುಕೊಳ್ಳಿ. 4 ಮತ್ತು 8ನೇ ಪತ್ರ ಬಂದ ಮೇಲೆ ಹೊಸ ಪತ್ರ, ಹೊಸ ದಿನಾಂಕ. ಹಳೆಯದರ ಮೇಲೆ ಮತ್ತೆ ಅವರನ್ನು ಕಳಿಸಬೇಡಿ.